‘ಅಚ್ಚಿನಲ್ಲಿ’ ಎಂದು ಬರೆಯುವ ಮುನ್ನ

ಹೊಸೂರು, ಕೃಷ್ಣಗಿರಿ ಸೀಮೆಯ ವೀರಗಲ್ಲುಗಳ ಬಗ್ಗೆ ಬರೆಯುವ ಗೆಳೆಯರಿಗೊಂದು ಕಿವಿಮಾತು. ಪತ್ರಿಕೆಗೆ ಕಳಿಸಿದ ಮಾತ್ರಕ್ಕೆ ಲೇಖನವನ್ನು ‘ಅಚ್ಚಿನಲ್ಲಿದೆ’ ಎನ್ನಬೇಡಿ. ಸಂಪಾದಕರ ಒಪ್ಪಿಗೆ ಪತ್ರ ಕೈಸೇರಿದ ಮೇಲಷ್ಟೇ ಆ ಮಾತು ಸಲ್ಲುತ್ತದೆ. ಆಗ ಗ್ರಂಥಸೂಚಿಯಲ್ಲಿ ವರ್ಷದ ಜಾಗಕ್ಕೆ ‘ಅಚ್ಚಿನಲ್ಲಿ’ ಎಂದು ಹಾಕಿ, ಪತ್ರಿಕೆಯ ಹೆಸರು ಕೊಡಿ. ಸಂಪುಟ, ಪುಟಸಂಖ್ಯೆಗಳನ್ನು ಊಹಿಸಿ ತುಂಬಬೇಡಿ.

ಲೇಖನ ಪ್ರಕಟವಾದ ಮೇಲೆ ಅಚ್ಚಾದ ಪ್ರತಿಯನ್ನೇ ಎದುರಿಗಿಟ್ಟುಕೊಂಡು ಆ ನಮೂದನ್ನು ತಿದ್ದಿ; ಶೀರ್ಷಿಕೆಯೂ ಬದಲಾಗಿರಬಹುದು. ಅದೇ ಲೇಖಕರ 2024ರ ಬರಹವೊಂದು ಪಟ್ಟಿಯಲ್ಲಿ ಆಗಲೇ ಇದ್ದು, ಇದೂ 2024ರಲ್ಲೇ ಬಂದರೆ, ಅವು 2024ಅ, 2024ಆ ಆಗುತ್ತವೆ. ಆಗ ಬರಹದೊಳಗಿನ ಹಳೆಯ ‘2024’ ಉಲ್ಲೇಖಗಳನ್ನೂ ಬದಲಿಸಬೇಕು. ಕೊನೆಗೆ ಕಡತದಲ್ಲಿ ‘ಅಚ್ಚಿನಲ್ಲಿ’ ಎಂಬ ಪದವನ್ನು ಹುಡುಕಿ, ಈ ಲೇಖನದ ಹೆಸರಿನಲ್ಲಿ ಅದು ಎಲ್ಲೂ ಉಳಿದಿಲ್ಲವೆಂದು ಖಚಿತಪಡಿಸಿಕೊಳ್ಳಿ.