ಫೋಟೋ ಓದುವ ಎಐಗೆ 90 ಅಂಕ: ನಂಬುವ ಮೊದಲು ಮಾಡಬೇಕಾದ 5 ಕೆಲಸಗಳು

ಆಫೀಸಿನಲ್ಲಿ ಬಿಲ್ಲುಗಳ ಫೋಟೋ ಓದಿ ಎಕ್ಸೆಲ್ ಶೀಟಿಗೆ ಇಳಿಸುವ ಎಐ ಟೂಲ್ ಒಂದನ್ನು ಆರಿಸುವ ಕೆಲಸ ನಿಮ್ಮ ಪಾಲಿಗೆ ಬಂದಿದೆ ಅಂದುಕೊಳ್ಳಿ. ಒಂದು ಕಂಪನಿ 88 ಅಂಕ ಅನ್ನುತ್ತದೆ, ಇನ್ನೊಂದು 92 ಅನ್ನುತ್ತದೆ. ಮ್ಯಾನೇಜರ್ 92ರ ಕಡೆ ಬೆರಳು ತೋರಿಸುತ್ತಾರೆ. ಒಪ್ಪುವ ಮೊದಲು ಈ ಐದು ಕೆಲಸ ಮಾಡಿ.

1. ಅಂಕ ಕೇಳಬೇಡಿ, ಮೊದಲು ಪ್ರಶ್ನೆಪತ್ರಿಕೆ ಕೇಳಿ

ಅಂಕ ಬರುವುದು ಬೆಂಚ್‌ಮಾರ್ಕ್‌ನಿಂದ. ಒಂದಷ್ಟು ಚಿತ್ರಗಳು, ಅವುಗಳ ಮೇಲೆ ಪ್ರಶ್ನೆಗಳು, ಮನುಷ್ಯರು ಬರೆದಿಟ್ಟ ಸರಿ ಉತ್ತರಗಳು ಸೇರಿದರೆ ಒಂದು ಬೆಂಚ್‌ಮಾರ್ಕ್. ದಾಖಲೆ ಓದುವ ಮಾಡೆಲ್‌ಗಳಿಗೆ ಹೆಸರಾದ ಪರೀಕ್ಷೆ ಡಾಕ್‌ವಿಕ್ಯೂಎ. ಹೈದರಾಬಾದಿನ ಐಐಐಟಿ ಮತ್ತು ಬಾರ್ಸಿಲೋನಾದ ಕಂಪ್ಯೂಟರ್ ವಿಷನ್ ಸೆಂಟರ್‌ನ ಸಂಶೋಧಕರು ಸೇರಿ ಕಟ್ಟಿದ್ದು. ಅದರಲ್ಲಿ 12,000ಕ್ಕೂ ಹೆಚ್ಚು ಪುಟಗಳ ಚಿತ್ರಗಳಿವೆ, ಅವುಗಳ ಮೇಲೆ 50,000 ಪ್ರಶ್ನೆಗಳಿವೆ.

ಆ ಪುಟಗಳು ಎಲ್ಲಿಯವು ಎಂದು ನೋಡಿ. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಗ್ರಹವೊಂದರಲ್ಲಿರುವ ತಂಬಾಕು, ಔಷಧಿ, ಆಹಾರ ಉದ್ಯಮಗಳ ಹಳೆಯ ಇಂಗ್ಲಿಷ್ ಪತ್ರಗಳು, ವರದಿಗಳು, ಕೋಷ್ಟಕಗಳು. ನಿಮ್ಮ ಕೈಯಲ್ಲಿರುವುದು ಹಾರ್ಡ್‌ವೇರ್ ಅಂಗಡಿಯ ಕಾರ್ಬನ್ ಕಾಪಿ. ಅಂಗಡಿಯ ಹೆಸರು ಕನ್ನಡದಲ್ಲಿ, ಸಾಮಾನಿನ ಹೆಸರು ಇಂಗ್ಲಿಷಿನಲ್ಲಿ, ಮೊತ್ತ ನೀಲಿ ಪೆನ್ನಿನಲ್ಲಿ. ಆ ಪರೀಕ್ಷೆಯಲ್ಲಿ ಬಂದ 92 ಈ ಕಾರ್ಬನ್ ಕಾಪಿಯ ಬಗ್ಗೆ ಏನನ್ನೂ ಹೇಳುವುದಿಲ್ಲ.

2. ಮೌಲ್ಯಮಾಪನದ ಲೆಕ್ಕವನ್ನು ಒಮ್ಮೆ ಕೈಯಾರೆ ಮಾಡಿ

ಗಣಿತ ನನಗಲ್ಲ ಅನ್ನುವುದು ಬರೀ ಅಭ್ಯಾಸ, ಇವತ್ತೇ ಬಿಡಿ. ಬೇಕಾಗಿರುವುದು ಏಳನೇ ತರಗತಿಯ ಭಾಗಾಕಾರ ಅಷ್ಟೇ.

ಡಾಕ್‌ವಿಕ್ಯೂಎ ಅಂಕ ಕೊಡುವ ಅಳತೆಗೆ ಎಎನ್‌ಎಲ್‌ಎಸ್ ಎನ್ನುತ್ತಾರೆ. ಮಾಡೆಲ್ ಕೊಟ್ಟ ಉತ್ತರವನ್ನು ಸರಿ ಉತ್ತರವಾಗಿ ತಿದ್ದಲು ಎಷ್ಟು ಅಕ್ಷರ ಬದಲಿಸಬೇಕು, ಸೇರಿಸಬೇಕು, ಅಳಿಸಬೇಕು ಎಂದು ಎಣಿಸಿ. ಎರಡರಲ್ಲಿ ಉದ್ದವಾದ ಉತ್ತರದ ಅಕ್ಷರಸಂಖ್ಯೆಯಿಂದ ಅದನ್ನು ಭಾಗಿಸಿ. ಬಂದದ್ದನ್ನು 1ರಿಂದ ಕಳೆಯಿರಿ, ಉಳಿದದ್ದು ಆ ಪ್ರಶ್ನೆಯ ಅಂಕ. ತಿದ್ದುವ ಪಾಲು ಅರ್ಧ ಅಥವಾ ಅದಕ್ಕಿಂತ ಹೆಚ್ಚಾದರೆ ಅಂಕ ಸೊನ್ನೆ. ಎಲ್ಲ ಪ್ರಶ್ನೆಗಳ ಸರಾಸರಿಯನ್ನು ನೂರಕ್ಕೆ ಲೆಕ್ಕ ಹಾಕಿದರೆ 92ರಂಥ ಅಂಕ.

ಈಗ ಬಿಲ್ಲಿನ ಸರಿಯಾದ ಮೊತ್ತ 12450 ಎಂದಿಟ್ಟುಕೊಳ್ಳಿ. ಮಾಡೆಲ್ 12950 ಎಂದು ಓದಿತು. ಐದರಲ್ಲಿ ಒಂದು ಅಂಕಿ ತಪ್ಪು, ಆದ್ದರಿಂದ 0.8. ನಿಮಗಾದ ನಷ್ಟ 500 ರೂಪಾಯಿ. ಇನ್ನೊಂದು ಮಾಡೆಲ್ 92450 ಎಂದು ಓದಿತು. ಅಲ್ಲೂ ಒಂದೇ ಅಂಕಿ ತಪ್ಪು, ಅದಕ್ಕೂ 0.8. ಈ ಸಲ ನಷ್ಟ 80,000 ರೂಪಾಯಿ! ಮೂರನೆಯ ಮಾಡೆಲ್ ಸರಿಯಾಗಿಯೇ ಓದಿ `Rs 12450` ಎಂದು ಬರೆಯಿತು. ಪರೀಕ್ಷೆಯ ಉತ್ತರಪಟ್ಟಿಯಲ್ಲಿ ಬರೀ 12450 ಇದ್ದರೆ ಎಂಟು ಅಕ್ಷರಗಳಲ್ಲಿ ಮೂರು ಹೆಚ್ಚುವರಿ (ಖಾಲಿ ಜಾಗವೂ ಒಂದು ಅಕ್ಷರ), ಸಿಗುವುದು 0.625. ಸರಿಯಾಗಿ ಓದಿದ್ದಕ್ಕೆ ತಪ್ಪು ಓದಿದ್ದಕ್ಕಿಂತ ಕಡಿಮೆ ಅಂಕ. ಅದೇ ಮೊತ್ತವನ್ನು ಪೂರ್ತಿ ವಾಕ್ಯದಲ್ಲಿ ಬರೆದಿದ್ದರೆ ಸೊನ್ನೆ.

ಅಳತೆಯನ್ನು ಹೀಗೆ ಮಾಡಿದ್ದಕ್ಕೆ ಕಾರಣವಿದೆ. ಉದ್ದನೆಯ ಹೆಸರಿನಲ್ಲಿ ಒಂದಕ್ಷರ ತಪ್ಪಿದರೆ ಪೂರ್ತಿ ಸೊನ್ನೆ ಕೊಡುವುದು ನ್ಯಾಯವಲ್ಲ, ಮಾಡೆಲ್‌ಗಳನ್ನು ಹೋಲಿಸುವ ಸಂಶೋಧಕರಿಗೆ ಈ ಮೃದುತ್ವ ಬೇಕು. ಹಣ, ದಿನಾಂಕ, ಖಾತೆ ಸಂಖ್ಯೆಗಳ ಕೆಲಸದಲ್ಲಿ ಅದು ನಿಮಗೆ ಬೇಡ. ಆದ್ದರಿಂದ ಮಾರಲು ಬಂದವರನ್ನು ಒಂದೇ ಪ್ರಶ್ನೆ ಕೇಳಿ: "ಪೂರ್ತಿ ಸರಿಯಾದ ಉತ್ತರಗಳು ಶೇಕಡಾ ಎಷ್ಟು?"

3. ಚಿತ್ರವನ್ನೇ ಕೊಡದೆ ಪ್ರಶ್ನೆ ಕೇಳಿ ನೋಡಿ

ಚಿತ್ರ ನೋಡದೆಯೂ ಅಂಕ ಬರುತ್ತದೆ. 2015ರಲ್ಲಿ ಬಂದ ವಿಕ್ಯೂಎ ಎಂಬ ದೊಡ್ಡ ಪರೀಕ್ಷೆಯಲ್ಲಿ ಇದು ಬಯಲಾಯಿತು. ಅದು ಯಾವ ಆಟ ಎಂಬ ಪ್ರಶ್ನೆಗಳಿಗೆಲ್ಲ ಕಣ್ಣು ಮುಚ್ಚಿ ಟೆನಿಸ್ ಎಂದರೆ ಶೇ. 41 ಸರಿ. ಇಂಥದ್ದು ಕಾಣುತ್ತಿದೆಯಾ ಎಂದು ಶುರುವಾಗುವ ಪ್ರಶ್ನೆಗಳಿಗೆ ಹೌದು ಎಂದರೆ ಶೇ. 87 ಸರಿ. ಕಾಣದಿದ್ದದ್ದರ ಬಗ್ಗೆ ಯಾರೂ ಹಾಗೆ ಕೇಳುವುದಿಲ್ಲವಲ್ಲ! 2017ರ ಎರಡನೇ ಆವೃತ್ತಿಯಲ್ಲಿ ಇದಕ್ಕೆ ಮದ್ದು ಹುಡುಕಿದರು. ಒಂದೇ ಪ್ರಶ್ನೆಗೆ ಬಹುಪಾಲು ಒಂದೇ ಥರ ಕಾಣುವ ಎರಡು ಚಿತ್ರ ಇಟ್ಟರು, ಎರಡಕ್ಕೂ ಉತ್ತರ ಬೇರೆ.

ಹಳೆಯ ಕಾಯಿಲೆ ಹೊಸ ಪರೀಕ್ಷೆಗಳಿಗೂ ಅಂಟಿತು. ಕಾಲೇಜು ಮಟ್ಟದ ಪ್ರಶ್ನೆಗಳಿರುವ ಎಂಎಂಎಂಯು ಪರೀಕ್ಷೆಯಲ್ಲಿ ಜೆಮಿನಿ ಪ್ರೊ ಚಿತ್ರವನ್ನೇ ನೋಡದೆ ಶೇ. 42.9 ಗಳಿಸಿತು ಎಂದು 2024ರ ಎಂಎಂಸ್ಟಾರ್ ಅಧ್ಯಯನ ತೋರಿಸಿತು. ಅದೇ ವರ್ಷ ಎಂಎಂಎಂಯು-ಪ್ರೊ ಬಂತು. ಚಿತ್ರವಿಲ್ಲದೆ ಬಿಡಿಸಬಹುದಾದ ಪ್ರಶ್ನೆಗಳನ್ನು ತೆಗೆದರು, ಆಯ್ಕೆಗಳನ್ನು ಹತ್ತರವರೆಗೆ ಏರಿಸಿದರು. ಅಂಕ ಒಂದೊಂದು ಮಾಡೆಲ್‌ಗೆ ಒಂದೊಂದು ಥರ, 16.8ರಿಂದ ಹಿಡಿದು 26.9ರವರೆಗೆ ಕಡಿಮೆಯಾಯಿತು.

ನೀವೂ ಮಾಡಿ. ಬಿಲ್ಲಿನ ಜಿಎಸ್‌ಟಿ ದರ ಎಷ್ಟು ಎಂದು ಫೋಟೋ ಹಾಕದೆ ಕೇಳಿ. 18 ಎಂದು ಉತ್ತರ ಬಂದರೆ ಎಚ್ಚರಾಗಿ. ಅದು ಊಹೆ, ನಾಳೆ ಫೋಟೋ ಇದ್ದಾಗಲೂ ಅದೇ ಊಹೆ ಬರಬಹುದು. ಆಮೇಲೆ ಬಿಲ್ಲಿನಲ್ಲಿ ದರವನ್ನು 5 ಎಂದು ಬದಲಿಸಿ ಮತ್ತೆ ಫೋಟೋ ಕೊಡಿ. ಉತ್ತರವೂ ಬದಲಾಗಲೇಬೇಕು.

4. ಉತ್ತರವೇ ಇಲ್ಲದ ಪ್ರಶ್ನೆ ಸೇರಿಸಿ

ಹೆಚ್ಚಿನ ಪರೀಕ್ಷೆಗಳಲ್ಲಿ ಪ್ರತಿ ಪ್ರಶ್ನೆಗೂ ಉತ್ತರ ಚಿತ್ರದಲ್ಲೇ ಇರುತ್ತದೆ, ಗೊತ್ತಿಲ್ಲ ಎಂದರೆ ಅಂಕವಿಲ್ಲ. ಹಾಗಾಗಿ ಊಹಿಸುವ ಮಾಡೆಲ್‌ಗೆ ಲಾಭ. ವಿಜ್‌ವಿಜ್ ಎಂಬ ಪರೀಕ್ಷೆ ಮಾತ್ರ ಬೇರೆ ದಾರಿಯದು. ಅಂಧರು ತಮ್ಮ ದಿನನಿತ್ಯದ ಅಗತ್ಯಕ್ಕೆ ಮೊಬೈಲಿನಲ್ಲಿ ತೆಗೆದ ಫೋಟೋಗಳು, ಅವರೇ ಬಾಯಿಬಿಟ್ಟು ಕೇಳಿದ ಪ್ರಶ್ನೆಗಳು. ಡಬ್ಬಿಯಲ್ಲಿ ಏನಿದೆ ಎಂದು ಕೇಳಿರುತ್ತಾರೆ, ಲೇಬಲ್ ಚೌಕಟ್ಟಿನ ಆಚೆ ಹೋಗಿರುತ್ತದೆ. ಅಲ್ಲಿನ ಕಾಲುಭಾಗಕ್ಕೂ ಹೆಚ್ಚು ಪ್ರಶ್ನೆಗಳಿಗೆ ಆ ಫೋಟೋದಿಂದ ಉತ್ತರ ಹೇಳಲಾಗದು. ಹಾಗೆಂದು ಗುರುತಿಸುವುದೇ ಅಲ್ಲಿ ಸರಿ ಉತ್ತರ. ನನ್ನ ಮಟ್ಟಿಗೆ ಬಳಕೆದಾರರಿಗೆ ಅತಿ ಹತ್ತಿರದ ಪರೀಕ್ಷೆ ಇದೇ.

ಮೊತ್ತದ ಮೇಲೆ ಬೆರಳಿಟ್ಟು ಒಂದು ಫೋಟೋ ತೆಗೆಯಿರಿ. ಮಾಡೆಲ್ "ಕಾಣುತ್ತಿಲ್ಲ" ಎಂದರೆ ಪಾಸ್. ಸಂಖ್ಯೆ ಹುಟ್ಟಿಸಿದರೆ ಫೇಲ್.

5. 30 ಬಿಲ್ಲುಗಳ ಸ್ವಂತ ಪರೀಕ್ಷೆ ಕಟ್ಟಿ

ಕಳೆದ ತಿಂಗಳ ಕಡತದಿಂದ 30 ಬಿಲ್ ತೆಗೆಯಿರಿ. ಒಳ್ಳೆಯವನ್ನೇ ಆರಿಸಬೇಡಿ, ಮಾಸಿದ್ದು, ಮಡಚಿದ್ದು, ಕೈಬರಹದ್ದು ಕಡತದಲ್ಲಿ ಎಷ್ಟಿವೆಯೋ ಅದೇ ಪ್ರಮಾಣದಲ್ಲಿ ಬರಲಿ. ಕನ್ನಡ ಅಂಕಿಯ ಬಿಲ್ ಇದ್ದರೆ ಬಿಡಬೇಡಿ, ೬ ಮತ್ತು ೯ ಮಸುಕಾದಾಗ ಏನಾಗುತ್ತದೆ ಎಂದು ನೋಡಿ. ಸರಿ ಉತ್ತರವನ್ನು ಮೊದಲೇ ಬರೆದಿಡಿ. ಮಾಡೆಲ್‌ನ ಉತ್ತರ ನೋಡಿದ ಮೇಲೆ ಬರೆದರೆ ಕೈ ಅದರ ಕಡೆಗೇ ವಾಲುತ್ತದೆ. ನಂತರ ಮೂರೇ ಕಾಲಂ ಹಾಕಿ: ಪೂರ್ತಿ ಸರಿ, ಗೊತ್ತಿಲ್ಲ ಎಂದದ್ದು, ಧೈರ್ಯವಾಗಿ ತಪ್ಪು ಹೇಳಿದ್ದು. ಮೂರನೇ ಕಾಲಂ ಮೇಲೆ ಕಣ್ಣಿಡಿ, ಹಣ ಸೋರುವುದು ಅಲ್ಲಿಂದಲೇ.

ನಿಮ್ಮ ಪರೀಕ್ಷೆಯ ಮಿತಿಯನ್ನೂ ತಿಳಿದಿರಿ. 30ರಲ್ಲಿ 27 ಸರಿ ಬಂದರೆ ಶೇ. 90 ಎನಿಸುತ್ತದೆ. ಆದರೆ ಇಷ್ಟು ಚಿಕ್ಕ ಮಾದರಿಯಲ್ಲಿ ನಿಜವಾದ ಸಾಮರ್ಥ್ಯ ಸುಮಾರು ಶೇ. 74ರಿಂದ 97ರ ನಡುವೆ ಎಲ್ಲಾದರೂ ಇರಬಹುದು. ಹಾಗಾಗಿ ಒಂದು ಟೂಲ್ 27, ಇನ್ನೊಂದು 26 ತಂದರೆ ಗೆದ್ದವರು ಯಾರೂ ಇಲ್ಲ, ಬಿಲ್ಲುಗಳನ್ನು 200ಕ್ಕೆ ಏರಿಸಿ. 27 ಮತ್ತು 15 ಬಂದರೆ ಮೀಟಿಂಗ್‌ಗೆ ಶೀಟ್ ತೆಗೆದುಕೊಂಡು ಹೋಗಿ, ಮೂರನೇ ಕಾಲಂನಲ್ಲಿರುವ ಬಿಲ್ಲುಗಳ ಒಟ್ಟು ಮೊತ್ತವನ್ನು ಮ್ಯಾನೇಜರ್ ಮುಂದಿಡಿ.