ಶಾಕ್ ಸೋರಿದರೆ ಬ್ರೇಕಿಗೂ ಕುತ್ತು

ಮಾರೇನಹಳ್ಳಿಯ ಒಳರಸ್ತೆಗಳ ಹಂಪು, ಧೂಳು, ಮಳೆಗಾಲದ ಕೆಸರು ಎಲ್ಲವನ್ನೂ ಮೊದಲು ತಿನ್ನುವುದು ಬೈಕಿನ ಮುಂದಿನ ಶಾಕ್. ಅದನ್ನು ಬಿಚ್ಚಿ ಕೂಡಿಸುತ್ತಾ ಕಲಿತದ್ದು ಇಷ್ಟು.

1. ನೆಲದ ಮೇಲೆ ಎಣ್ಣೆ ಬೀಳುವವರೆಗೆ ಕಾಯಬೇಡಿ, ಪೈಪ್ ನೋಡಿ. ಹೊಳೆಯುವ ಪೈಪು ಕೆಳಗಿನ ದಪ್ಪ ಕೊಳವೆಯೊಳಗೆ ಇಳಿಯುವಲ್ಲಿ ಮೇಲೆ ಡಸ್ಟ್ ಸೀಲ್, ಅದರಡಿ ಆಯಿಲ್ ಸೀಲ್ ಇರುತ್ತದೆ. ಪೈಪನ್ನು ಚೆನ್ನಾಗಿ ಒರೆಸಿ, ಮುಂದಿನ ಬ್ರೇಕ್ ಹಿಡಿದು, ಹ್ಯಾಂಡಲ್ ಮೇಲೆ ಭಾರ ಹಾಕಿ ಏಳೆಂಟು ಸಲ ಒತ್ತಿ. ಬೆರಳಿಗೆ ಅಂಟಿಯೂ ಅಂಟದ ಪಸೆ ಸಹಜ. ಪೈಪಿನ ಸುತ್ತ ಬಳೆಯಂತೆ ಎಣ್ಣೆ ನಿಂತರೆ ಸೀಲ್ ಸೋರುತ್ತಿದೆ.

2. ಪ್ಯಾಡ್ ಬದಲಿಸುವ ಮೊದಲು ತಲೆ ಎತ್ತಿ ಸೀಲ್ ನೋಡಿ. "ಅಣ್ಣಾ, ಹೊಸ ಪ್ಯಾಡ್ ಹಾಕ್ಸಿ ತಿಂಗಳಾಗಿಲ್ಲ, ಬ್ರೇಕ್ ಹಿಡೀತಾನೇ ಇಲ್ಲ" ಅಂತ ಹುಡುಗನೊಬ್ಬ 150 ಸಿಸಿ ಬೈಕ್ ತಂದ. ಲಿವರ್ ಗಟ್ಟಿಯಾಗಿತ್ತು, ಬ್ರೇಕ್ ಆಯಿಲ್ ಮಟ್ಟ ಇಳಿದಿರಲಿಲ್ಲ. ಹಾಗಾಗಿ ಕ್ಯಾಲಿಪರ್ ಸುತ್ತಲಿದ್ದ ಒದ್ದೆ ಬ್ರೇಕ್ ಪೈಪಿನದಲ್ಲ. ಪ್ಯಾಡ್ ಬಿಚ್ಚಿದರೆ ಮೈ ಕಪ್ಪಗೆ ಹೊಳೆಯುತ್ತಿತ್ತು. ಮೇಲಿನ ಸೀಲಿನಿಂದ ಕ್ಯಾಲಿಪರಿನವರೆಗೆ ಧೂಳು ಮೆತ್ತಿದ ಎಣ್ಣೆಯ ಜಾಡು. ಕ್ಯಾಲಿಪರ್ ಕೂತಿರುವುದೇ ಶಾಕಿನ ಆ ಕಾಲಿನ ಮೇಲೆ. ಸೋರಿದ್ದು ಇಳಿದು ಡಿಸ್ಕಿಗೂ ಪ್ಯಾಡಿಗೂ ಸೇರುತ್ತದೆ. ಪ್ಯಾಡ್ ಅದನ್ನು ಹೀರಿಕೊಂಡು, ಬಿಸಿಯಾದಾಗ ಮತ್ತೆ ಮೈಮೇಲೆ ತರುತ್ತದೆ. ಉಪ್ಪುಕಾಗದದಲ್ಲಿ ಉಜ್ಜಿದರೆ ಎರಡು ದಿನ ಹಿಡಿದಂತೆ ಕಾಣಬಹುದು, ಅಷ್ಟೇ.

3. ಕ್ಯಾಲಿಪರ್ ಇಲ್ಲದ ಕಾಲು ಸೋರಿದರೂ ಬ್ರೇಕಿಗೆ ಪೆಟ್ಟು. ಸ್ಪ್ರಿಂಗಿನ ಕುಣಿತವನ್ನು ತಡೆಯುವುದು ಈ ಎಣ್ಣೆ. ಅದು ಕಡಿಮೆಯಾದರೆ ಬ್ರೇಕ್ ಹಿಡಿದೊಡನೆ ಮೂತಿ ಕುಸಿಯುತ್ತದೆ. ಗುಂಡಿಗಳ ಮೇಲೆ ಚಕ್ರ ಪುಟಿಯುತ್ತದೆ. ಟೈರ್ ನೆಲ ಬಿಟ್ಟ ಆ ಕ್ಷಣ ಬ್ರೇಕಿಗೆ ಹಿಡಿತವೇ ಇಲ್ಲ. ಎಬಿಎಸ್ ಇಲ್ಲದ ಬೈಕಿನಲ್ಲಿ ಚಕ್ರ ಲಾಕ್ ಆಗಿ ಜಾರಬಹುದು. ಎಬಿಎಸ್ ಇದ್ದರೆ ಅದು ಬ್ರೇಕ್ ಸಡಿಲಿಸುತ್ತದೆ, ನಿಲ್ಲುವ ದೂರ ಹೆಚ್ಚುತ್ತದೆ.

4. ಸೀಲ್ ಯಾಕೆ ಹೋಯಿತೆಂದು ತಿಳಿಯದೆ ಹೊಸದು ಹಾಕಬೇಡಿ. ಪೈಪಿನ ಮೇಲೆ ಉಗುರು ಎಳೆಯಿರಿ. ಸೀಲ್ ಓಡಾಡುವ ಜಾಗದಲ್ಲಿ ತುಕ್ಕಿನ ಗುಳಿ ಸಿಕ್ಕಿದರೆ ಅದು ಹೊಸ ಸೀಲಿನ ತುಟಿಯನ್ನೂ ಹರಿಯುತ್ತದೆ. ಆಗ ಪೈಪೂ ಬದಲಾಗಬೇಕು. ಗುಳಿ ಇಲ್ಲದಿದ್ದರೆ ಡಸ್ಟ್ ಸೀಲ್ ಎತ್ತಿ, ಹಳೆಯ ಎಕ್ಸ್‌ರೇ ಫಿಲ್ಮಿನ ಪಟ್ಟಿಯನ್ನು ಸೀಲಿನೊಳಗೆ ತೂರಿಸಿ ಸುತ್ತಲೂ ಆಡಿಸಿ. ಸಿಕ್ಕಿಕೊಂಡ ಮರಳು ಬಂದು ಸೋರಿಕೆ ನಿಲ್ಲುವುದೂ ಉಂಟು. ನಿಲ್ಲದಿದ್ದರೆ ಎರಡೂ ಕಾಲಿನ ಸೀಲ್ ಒಟ್ಟಿಗೆ ಬದಲಿಸಿ.

5. ಎಣ್ಣೆಯನ್ನು ಅಂದಾಜಿನಲ್ಲಿ ಸುರಿಯಬಾರದು. ಯಾವ ದರ್ಜೆ, ಎಷ್ಟು ಮಿಲಿ ಎಂಬುದು ಮಾದರಿಗೊಂದರಂತೆ ಸರ್ವಿಸ್ ಪುಸ್ತಕದಲ್ಲಿರುತ್ತದೆ. ಹೆಚ್ಚಾದರೆ ಮೇಲಿನ ಗಾಳಿಗೆ ಜಾಗ ಸಾಲದೆ, ಶಾಕ್ ಪೂರ್ತಿ ಒತ್ತಿದಾಗ ಆ ಒತ್ತಡ ಹೊಸ ಸೀಲನ್ನೇ ಹೊರತಳ್ಳುತ್ತದೆ. ಆಮೇಲೆ ಡಿಸ್ಕನ್ನು ಬ್ರೇಕ್ ಕ್ಲೀನರಿನಿಂದ ತೊಳೆದು, ಎಣ್ಣೆ ಕುಡಿದ ಪ್ಯಾಡ್ ಎಸೆದು ಹೊಸದು ಹಾಕಿ. ಆ ಹುಡುಗನ ಬೈಕಿಗೂ ಹಾಗೇ ಮಾಡಿ, ಮಾಗಡಿ ರಸ್ತೆಯ ದಟ್ಟಣೆಗೆ ಇಳಿಯುವ ಮುಂಚೆ ಖಾಲಿ ಒಳರಸ್ತೆಯಲ್ಲಿ ಮೆಲ್ಲಗೆ ಹಿಡಿದು ಬಿಟ್ಟು ಪ್ಯಾಡ್ ಕೂರಿಸಿಕೊಳ್ಳಲು ಹೇಳಿ ಕಳಿಸಿದೆ.