ಪೆಟ್ರೋಲು ಕುಡಿದದ್ದು ಹತ್ತಿಯ ಹಾಸಿಗೆ

ಕಳೆದ ಜುಲೈನಲ್ಲಿ ತುಮಕೂರು ದಾಟಿ ಧಾರವಾಡದ ಕಡೆ ಹೊರಟ ನಮ್ಮ ಕಾರು ಲೀಟರಿಗೆ ಬರೀ 13 ಕಿಲೋಮೀಟರ್ ಕೊಟ್ಟಿತು. ಇದೇ ಕಾರು, ಇದೇ ಹೆದ್ದಾರಿಯಲ್ಲಿ, ನಾಲ್ಕು ಜನ ಕೂತಾಗಲೂ 18 ಕೊಡುತ್ತಿತ್ತು. ಧಾರವಾಡದಲ್ಲಿ ಒಬ್ಬ ಮೆಕ್ಯಾನಿಕ್ ಬಾನೆಟ್ ಕೂಡ ಎತ್ತದೆ 'ಇಂಜೆಕ್ಟರ್ ಕ್ಲೀನ್ ಮಾಡಸ್ರೀ ಸರ' ಎಂದ. ನಮ್ಮ ಭಾವ ಇವತ್ತಿಗೂ ನೆಂಟರ ಮುಂದೆ 'ಅವನ ಗಾಡಿಗೆ ದಮ್ಮಿಲ್ಲ' ಎನ್ನುತ್ತಾರೆ. ಇಂಜೆಕ್ಟರೂ ಸರಿಯಿತ್ತು, ದಮ್ಮೂ ಇತ್ತು. ಪೆಟ್ರೋಲು ಕುಡಿದದ್ದು ಟಾಪಿನ ಮೇಲಿದ್ದ ಹತ್ತಿಯ ಹಾಸಿಗೆ.

ಅಕ್ಕನ ಮಗಳಿಗೆ ಧಾರವಾಡದಲ್ಲಿ ಎಂ.ಎಸ್ಸಿ. ಸೀಟು ಸಿಕ್ಕಿತ್ತು, ರೂಮೂ ಗೊತ್ತಾಗಿತ್ತು. ಹಾಸಿಗೆ, ಮಡಚುವ ಮಂಚ, ತಗಡಿನ ಟ್ರಂಕು ಮೂರನ್ನೂ ಪಾರ್ಸೆಲ್ ಲಾರಿಗೆ ಹಾಕೋಣ ಎಂದು ನಾನು ಮೊದಲೇ ಹೇಳಿದ್ದೆ. ಲಾರಿಯವರು ಏಳುನೂರು ರೂಪಾಯಿ ಕೇಳಿದರು. 'ಏಳುನೂರು ಯಾಕೆ ದಂಡ? ಕ್ಯಾರಿಯರ್ ಇರೋದು ಯಾತಕ್ಕೆ? ಅಕ್ಕಿ, ಪಾತ್ರೆ, ಪುಸ್ತಕ ಭಾರ, ಅವೆಲ್ಲ ಡಿಕ್ಕಿಗಿರಲಿ. ಹಾಸಿಗೆ ಏನು ತೂಗುತ್ತೆ ಹೇಳು' ಎಂದರು ಭಾವ. ಹಿರಿಯರು, ಎಷ್ಟಂತ ವಾದ ಮಾಡುವುದು. ಮಂಚ ಅಡಿಗೆ, ಅದರ ಮೇಲೆ ಟ್ರಂಕು, ಟ್ರಂಕಿನ ಮುಂದೆ ಸುರುಳಿ ಸುತ್ತಿದ ಹಾಸಿಗೆ ಅಡ್ಡಡ್ಡ, ಎಲ್ಲಕ್ಕೂ ನೀಲಿ ಟಾರ್ಪಾಲು. ಕ್ಯಾರಿಯರಿನಿಂದ ಮೇಲಕ್ಕೆ ಸುಮಾರು ಒಂದೂವರೆ ಅಡಿ ಎತ್ತರ, ಮೂರು ಅಡಿ ಅಗಲ. ತೂಕ 45 ಕೆಜಿ ಒಳಗೇ ಇತ್ತು. ನಮ್ಮ ಕಾರಿನ ಪುಸ್ತಕದಲ್ಲಿ ಟಾಪಿನ ಮೇಲೆ ಕ್ಯಾರಿಯರೂ ಸೇರಿ 50 ಕೆಜಿ ಮೀರಬಾರದು ಎಂದಿದೆ.

ತುಮಕೂರಿನ ಹತ್ತಿರ ಬಂಕಿನಲ್ಲಿ ನಳಿಕೆ ತಾನೇ ನಿಲ್ಲುವವರೆಗೆ ಟ್ಯಾಂಕ್ ತುಂಬಿಸಿ ಟ್ರಿಪ್ ಮೀಟರನ್ನು ಸೊನ್ನೆಗೆ ತಂದೆ. ಶಿರಾ ಕಳೆಯುವ ಹೊತ್ತಿಗೇ ವ್ಯತ್ಯಾಸ ಕಾಲಿಗೆ ಗೊತ್ತಾಗತೊಡಗಿತು. ಐದನೇ ಗೇರಿನಲ್ಲಿ 95 ಹಿಡಿದಿಡಲು ಆಕ್ಸಿಲರೇಟರನ್ನು ಎಂದಿಗಿಂತ ಹೆಚ್ಚು ಒತ್ತಬೇಕಿತ್ತು, ಕಾಲು ಸ್ವಲ್ಪ ಸಡಿಲಿಸಿದರೆ ಬ್ರೇಕ್ ಮುಟ್ಟಿದಂತೆ ವೇಗ ಇಳಿಯುತ್ತಿತ್ತು. ಟಾಪಿನಿಂದ 'ಗುಂಯ್' ಎಂದು ಒಂದೇ ಸಮನೆ ಸದ್ದು.

ಚಿತ್ರದುರ್ಗ ದಾಟಿದ ಮೇಲಿನ ಅರ್ಧ ಗಂಟೆಯನ್ನು ಮಾತ್ರ ನಾನು ಮರೆಯಲಾರೆ. ಅಲ್ಲಿ ಗುಡ್ಡದ ಮೇಲೆ ಗಾಳಿಯಂತ್ರಗಳನ್ನು ಸುಮ್ಮನೆ ನೆಟ್ಟಿಲ್ಲ. ಮುಂಗಾರಿನಲ್ಲಿ ಪಶ್ಚಿಮದ ಗಾಳಿ ಹೊಲದ ಮೇಲಿಂದ ನೇರ ಬರುತ್ತದೆ, ನಾವು ಹೋಗುತ್ತಿದ್ದದ್ದು ಅದಕ್ಕೆ ಎದುರಾಗಿ. ಸಣ್ಣ ಏರಿನಲ್ಲಿ ನಾಲ್ಕನೇ ಗೇರಿಗೆ ಇಳಿಸಿದೆ. ಆಗ ಟಾರ್ಪಾಲಿನ ಮುಂದಿನ ಅಂಚಿಗೆ ಗಾಳಿ ನುಗ್ಗಿತು. ಮೊದಲು ಪಟಪಟ ಎಂದಿತು, ಆಮೇಲೆ ಇಡೀ ಟಾರ್ಪಾಲು ಬುಸ್ಸನೆ ಉಬ್ಬಿ ಕಾರನ್ನು ಹಿಂದಕ್ಕೆ ಜಗ್ಗಿದ ಹಾಗಾಯಿತು. ಪಕ್ಕದಲ್ಲಿ ಲಾರಿಯೊಂದು ಹಾದುಹೋದಾಗ ಕಾರು ಎಡಕ್ಕೆ ವಾಲಿ ಬಿಳಿ ಗೆರೆ ತುಳಿಯಿತು. ಹಿಂದಿನ ಸೀಟಿನಲ್ಲಿ ಅಕ್ಕ 'ಅಯ್ಯೋ, ನಿಲ್ಸೋ' ಎಂದು ಚೀರಿದಳು. ರಸ್ತೆ ಬದಿಗೆ ಇಳಿಸಿ ನೋಡಿದರೆ ಮುಂದಿನ ಹಗ್ಗ ಹಾಸಿಗೆಯೊಳಕ್ಕೆ ಕೊರೆದು ಸಡಿಲವಾಗಿತ್ತು, ಹಾಸಿಗೆ ಒಂದು ಗೇಣು ಹಿಂದಕ್ಕೆ ಜಾರಿ ಟ್ರಂಕನ್ನು ಒತ್ತುತ್ತಿತ್ತು. ಟ್ರಂಕು ಬಿದ್ದಿದ್ದರೆ ಹಿಂದೆ ಬರುವ ಬೈಕಿನವನ ಗತಿ ಏನು? ಗಾಳಿಯಲ್ಲಿ ಟಾರ್ಪಾಲನ್ನು ಹಿಡಿದು ಹಗ್ಗ ಬಿಗಿಯುವಷ್ಟರಲ್ಲಿ ನನ್ನ ಅಂಗೈ ಸುಲಿದುಹೋಯಿತು. ಭಾವ ಕಾರಿನೊಳಗೇ ಕೂತು, 'ಗಾಡಿ ಎಳೀತಾನೇ ಇಲ್ವಲ್ಲೋ, ಸರ್ವಿಸ್ ಯಾವಾಗ ಮಾಡಿಸಿದ್ದೆ?' ಎಂದು ಕೇಳಿದರು.

ರಾಣೆಬೆನ್ನೂರಿನಲ್ಲಿ ಮತ್ತೆ ಅದೇ ರೀತಿ ಟ್ಯಾಂಕ್ ತುಂಬಿಸಿದೆ. 230 ಕಿಲೋಮೀಟರಿಗೆ 17.6 ಲೀಟರ್ ಹಿಡಿಯಿತು, ಅಂದರೆ ಲೀಟರಿಗೆ 13. ಅಲ್ಲಿಂದ ಮುಂದೆ ಭಾವ ಎಷ್ಟು ಗೊಣಗಿದರೂ ನಾನು 80 ದಾಟಲಿಲ್ಲ. ಧಾರವಾಡದವರೆಗಿನ 130 ಕಿಲೋಮೀಟರಿಗೆ ಖರ್ಚಾದದ್ದು 8.3 ಲೀಟರ್. ಅದೇ ಹಾಸಿಗೆ, ಅದೇ ಟ್ರಂಕು, ಸ್ವಲ್ಪ ತಗ್ಗಿದ ಗಾಳಿ, ಕಾರು ಹತ್ತಿರ ಹತ್ತಿರ 16 ಕೊಟ್ಟಿತು. ಇಂಜೆಕ್ಟರ್ ಕೆಟ್ಟಿದ್ದರೆ ವೇಗ ಇಳಿಸಿದ ಮಾತ್ರಕ್ಕೆ ರಿಪೇರಿಯಾಗುತ್ತದೆಯೇ?

ಭಾವನವರ ಲೆಕ್ಕ ತಪ್ಪಿದ್ದು ತೂಕದಲ್ಲಿ. ಭಾರವಿದ್ದದ್ದು ಮಾತ್ರ ಪೆಟ್ರೋಲು ತಿನ್ನುತ್ತದೆ ಎಂದೇ ಎಲ್ಲರೂ ನಂಬಿದ್ದಾರೆ. ಸಮತಟ್ಟಾದ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಹೋಗುವಾಗ 100 ಕೆಜಿ ಹೆಚ್ಚಿನ ಭಾರದಿಂದ ಟೈರುಗಳ ಉರುಳು ತಡೆ ಸ್ವಲ್ಪವೇ ಹೆಚ್ಚುತ್ತದೆ. ಬೆಂಗಳೂರಿನಿಂದ ಧಾರವಾಡದ 430 ಕಿಲೋಮೀಟರಿಗೆ ನಾನು ಹಾಕಿದ ಲೆಕ್ಕದಲ್ಲಿ ಅದು ಮುಕ್ಕಾಲು ಲೀಟರೂ ದಾಟುವುದಿಲ್ಲ. ಘಾಟಿಯಲ್ಲೂ ಅಷ್ಟೆ. 100 ಕೆಜಿಯನ್ನು 700 ಮೀಟರ್ ಮೇಲಕ್ಕೆ ಹತ್ತಿಸಲು ಬೇಕಾಗುವುದು ಸುಮಾರು 80 ಮಿಲಿಲೀಟರ್ ಪೆಟ್ರೋಲು. ತೂಕದ ಪೆಟ್ಟು ನಿಜವಾಗಿ ಬೀಳುವುದು ಊರೊಳಗೆ, ಸಿಗ್ನಲ್ಲಿಗೊಮ್ಮೆ ನಿಂತು ಹೊರಡುವಾಗ. ಅಲ್ಲಿ 100 ಕೆಜಿಗೆ ಶೇಕಡಾ 5ರಷ್ಟು ಹೆಚ್ಚಬಹುದು.

ಗಾಳಿಯ ಲೆಕ್ಕವೇ ಬೇರೆ. ವೇಗ ಎರಡರಷ್ಟಾದರೆ ಗಾಳಿಯ ತಡೆ ನಾಲ್ಕರಷ್ಟಾಗುತ್ತದೆ. 40ರಲ್ಲಿ ಲೆಕ್ಕಕ್ಕೇ ಬಾರದ ತಡೆ 95ರಲ್ಲಿ ಇಂಜಿನ್ನಿನ ದುಡಿಮೆಯ ಅರ್ಧಕ್ಕಿಂತ ಹೆಚ್ಚನ್ನು ನುಂಗುತ್ತದೆ. ಕಾರಿನ ಮೂತಿ, ಗಾಜು, ಟಾಪು ಗಾಳಿಯನ್ನು ಸವರಿಕೊಂಡು ಹೋಗುವಂತೆ ತೀಡಿರುತ್ತಾರೆ. ಅದರ ನೆತ್ತಿಯ ಮೇಲೆ ಮೂರಡಿ ಅಗಲದ ಮೊಂಡು ಗಂಟು ಇಟ್ಟರೆ ಗಾಳಿಯ ತಡೆ ಮೂರರಲ್ಲಿ ಒಂದು ಪಾಲು ಏರುವುದು ಆಶ್ಚರ್ಯವಲ್ಲ. ಎದುರು ಗಾಳಿಯ ವೇಗ 15 ಇದ್ದರೆ, ನೀವು 95ರಲ್ಲಿ ಹೋಗುತ್ತಿದ್ದರೂ ಕಾರಿಗೆ ತಾಗುವ ಗಾಳಿ 110ರದ್ದು. ಗಾಳಿ ಶಾಂತವಾಗಿದ್ದರೂ ಇಂಥ ಗಂಟಿನಿಂದ ಹೆದ್ದಾರಿಯಲ್ಲಿ ಪೆಟ್ರೋಲು ಶೇಕಡಾ 15ರಿಂದ 25ರಷ್ಟು ಹೆಚ್ಚು ಹೋಗುತ್ತದೆ ಎಂದುಕೊಳ್ಳಿ. ಅಮೆರಿಕದ ಸರ್ಕಾರಿ ಅಂದಾಜಿನಲ್ಲೂ ಟಾಪಿನ ದೊಡ್ಡ ಮೊಂಡು ಪೆಟ್ಟಿಗೆ ಅಲ್ಲಿನ ಇಂಟರ್‌ಸ್ಟೇಟ್ ಹೆದ್ದಾರಿಗಳ ವೇಗದಲ್ಲಿ ಮೈಲೇಜನ್ನು ಶೇಕಡಾ 10ರಿಂದ 25ರಷ್ಟು, ಊರೊಳಗೆ 2ರಿಂದ 8ರಷ್ಟು ಇಳಿಸುತ್ತದೆ.

ಹಾಗಾಗಿ ಭಾರದ್ದು ಡಿಕ್ಕಿಗೆ ಎಂದದ್ದು ಸರಿ, ಹಗುರವಾದದ್ದೆಲ್ಲ ಟಾಪಿಗೆ ಎಂದದ್ದು ತಪ್ಪು. ಹಾಸಿಗೆಯಂಥ ಉಬ್ಬಿದ ಸಾಮಾನನ್ನು ಮೇಲೆ ಹಾಕಲೇಬೇಡಿ. ಬೇರೆ ದಾರಿಯಿಲ್ಲದಿದ್ದರೆ ಚಪ್ಪಟೆಯಾಗಿ ಮಲಗಿಸಿ, ಉದ್ದವಾದದ್ದನ್ನು ಕಾರಿನ ಉದ್ದಕ್ಕೇ ಇಡಿ, ಟಾರ್ಪಾಲಿನ ಮುಂದಿನ ಅಂಚನ್ನು ಸಾಮಾನಿನ ಅಡಿಗೆ ಮಡಚಿ. ಐವತ್ತು ಕಿಲೋಮೀಟರ್ ಹೋದಮೇಲೆ ನಿಲ್ಲಿಸಿ ಹಗ್ಗ ಮತ್ತೆ ಬಿಗಿಯಿರಿ. ಡಿಕ್ಕಿಯ ಭಾರ ಹಿಂದಿನ ಸೀಟಿಗೆ ಒತ್ತಿಕೊಂಡು ತಳದಲ್ಲಿರಲಿ. ಡ್ರೈವರ್ ಬಾಗಿಲ ಕಂಬದ ಚೀಟಿಯಲ್ಲಿ ತುಂಬಿದ ಗಾಡಿಗೆಂದೇ ಹೇಳಿರುವ ಗಾಳಿಯನ್ನು ಟೈರಿಗೆ ಹೊರಡುವ ಮುಂಚೆಯೇ ಹಿಡಿಸಿ. ವೇಗ 80 ಸಾಕು.

ಖಾಲಿ ಕ್ಯಾರಿಯರನ್ನು ವರ್ಷವಿಡೀ ಹೊತ್ತು ತಿರುಗುವವರೂ ಬಹಳ. ಹೆದ್ದಾರಿಯಲ್ಲಿ ಅದು ಬರೀ ಶೇಕಡಾ 3 ತಿಂದರೂ, ತಿಂಗಳಿಗೆ ಸಾವಿರ ಕಿಲೋಮೀಟರ್ ಓಡಿಸುವವರಿಗೆ ವರ್ಷಕ್ಕೆ 20 ಲೀಟರ್ ಪೆಟ್ರೋಲು ಹೋಯಿತು. ಬಿಚ್ಚಲು ಸ್ಪ್ಯಾನರ್ ಹಿಡಿದರೆ ಹತ್ತು ನಿಮಿಷದ ಕೆಲಸ. ನಾನು ಧಾರವಾಡದಲ್ಲೇ ಬಿಚ್ಚಿ ಅಕ್ಕನ ಮಗಳ ರೂಮಿನ ಮಂಚದ ಕೆಳಗೆ ಇಟ್ಟು ಬಂದೆ. ಇಂಜೆಕ್ಟರ್ ಇವತ್ತಿಗೂ ಕ್ಲೀನ್ ಮಾಡಿಸಿಲ್ಲ, ಕಾರು ಮತ್ತೆ 18 ಕೊಡುತ್ತಿದೆ. ಭಾವ ಬಂದು ನೋಡಬಹುದು, ಬಂಕಿನ ಚೀಟಿಗಳನ್ನೆಲ್ಲ ಇಟ್ಟಿದ್ದೇನೆ.